ನಿವೃತ್ತರ ಕೈಗೆ ಅಂಗಡಿಯ ಕಿರ್ದಿ

2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂತು. ಬೇಕರಿಯವರು, ಕಾಂಡಿಮೆಂಟ್ಸ್ ಇಟ್ಟವರು, ಹಾಲು ಮಾರುವವರು, ತರಕಾರಿ ಅಂಗಡಿಯವರು ಎಲ್ಲರೂ ಅದರಲ್ಲಿದ್ದರು. ಯುಪಿಐ ಮೂಲಕ ನಿಮ್ಮ ಖಾತೆಗೆ ವರ್ಷಕ್ಕೆ 40 ಲಕ್ಷಕ್ಕಿಂತ ಹೆಚ್ಚು ಹಣ ಬಂದಿದೆ, ಜಿಎಸ್‌ಟಿ ನೋಂದಣಿ ಯಾಕೆ ಮಾಡಿಸಿಲ್ಲ ಎಂಬುದು ಪ್ರಶ್ನೆ. ಎಷ್ಟೋ ಕಡೆ ಕ್ಯೂಆರ್ ಕೋಡ್ ಕಿತ್ತುಹಾಕಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದರು. ಪ್ರತಿಭಟನೆ, ಸಭೆ, ಸರ್ಕಾರದ ಭರವಸೆ ಎಲ್ಲ ಆಗಿ ಗಲಾಟೆ ತಣ್ಣಗಾಯಿತು.

ಆ ದಿನಗಳಲ್ಲಿ ವ್ಯಾಪಾರಿಗಳು ಹೇಳುತ್ತಿದ್ದ ಮಾತಿನಲ್ಲಿ ಸುಳ್ಳಿರಲಿಲ್ಲ. ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ, ಅದರಲ್ಲಿ ಚೀಟಿ ಎತ್ತಿದ ಹಣವಿದೆ, ಕೈಗಡ ವಾಪಸ್ ಬಂದದ್ದಿದೆ, ಊರಿನಿಂದ ತಮ್ಮ ಕಳಿಸಿದ್ದಿದೆ ಎನ್ನುತ್ತಿದ್ದರು. ಹಾಗಾದರೆ ವ್ಯಾಪಾರದ್ದು ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರವಿರಲಿಲ್ಲ. ಬರೆದಿಟ್ಟವರು ತೀರಾ ಕಡಿಮೆ. ಬೆಳಿಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸಿ ರಾತ್ರಿ ಹತ್ತಕ್ಕೆ ಷಟರ್ ಎಳೆಯುವವನಿಗೆ ಬರೆಯಲು ಹೊತ್ತೆಲ್ಲಿದೆ?

ಅದೇ ಬೀದಿಯಲ್ಲಿ, ನಾಲ್ಕು ಮನೆ ಆಚೆ, ಮೂವತ್ತೈದು ವರ್ಷ ಲೆಕ್ಕವನ್ನೇ ಬರೆದು ನಿವೃತ್ತರಾದವರು ಒಬ್ಬರಾದರೂ ಇರುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರು, ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದವರು, ತಾಲ್ಲೂಕು ಖಜಾನೆಯ ಗುಮಾಸ್ತರು, ಮಂಡಿಯಲ್ಲಿ ರೈಟರ್ ಆಗಿದ್ದವರು. ಕಿರ್ದಿ, ಖತಾವಣಿ, ತಾಳೆಪಟ್ಟಿ ಅವರಿಗೆ ಬಾಯಿಪಾಠ. ದಿನದ ಕೊನೆಗೆ ಹತ್ತು ರೂಪಾಯಿ ತಾಳೆಯಾಗದಿದ್ದರೆ ಹುಡುಕಿ ಸಿಗುವವರೆಗೂ ಮನೆಗೆ ಹೋಗದೆ ಕೂತವರು ಅವರು. ಈ ಇಬ್ಬರನ್ನು ಒಂದು ಮೇಜಿನ ಎದುರುಬದುರು ಕೂರಿಸಿದರೆ ಅಲ್ಲೊಂದು ಸಣ್ಣ ವ್ಯಾಪಾರ ಹುಟ್ಟುತ್ತದೆ. ಅಂಗಡಿಗಳ ಲೆಕ್ಕ ಬರೆದುಕೊಡುವ ವ್ಯಾಪಾರ.

ನಿವೃತ್ತರಿಗೆ ಯಾವ ಉದ್ಯೋಗ ಸೂಕ್ತ ಎಂಬ ಪಟ್ಟಿಗಳಲ್ಲಿ ಫ್ರಾಂಚೈಸಿ ಅಂಗಡಿ, ಹೋಟೆಲು, ಡೇರಿ ಫಾರ್ಮು ಮೊದಲು ಬರುತ್ತವೆ. ಗ್ರಾಚ್ಯುಟಿಯ ಹಣವನ್ನು ಅಡ್ವಾನ್ಸ್, ಇಂಟೀರಿಯರ್, ಫ್ರಿಜ್ಜುಗಳಿಗೆ ಸುರಿದು, ಅರವತ್ತರ ಮೇಲೆ ಹೊಸ ಕಸುಬು ಕಲಿಯಬೇಕಾದ ದಾರಿ ಅದು. ನಡೆಯದಿದ್ದರೆ ಹಣ ಹಿಂದಿರುಗುವುದಿಲ್ಲ, ಮತ್ತೆ ಗಳಿಸುವ ವಯಸ್ಸೂ ಅಲ್ಲ. ಲೆಕ್ಕ ಬರೆಯುವ ಕೆಲಸದಲ್ಲಿ ಹೂಡುವುದು ಗೊತ್ತಿರುವ ವಿದ್ಯೆಯನ್ನು. ಶುರುವಿಗೆ ಕೆಲವು ರಿಜಿಸ್ಟರುಗಳು, ಒಂದು ಕ್ಯಾಲ್ಕುಲೇಟರ್, ಒಂದು ಫೈಲ್ ಸೆಟ್ ಸಾಕು. ನಾಲ್ಕೈದು ಅಂಗಡಿ ಕೈಗೆ ಬಂದ ಮೇಲೆ ಹಳೆಯ ಲ್ಯಾಪ್‌ಟಾಪು, ಸಾಧಾರಣ ಪ್ರಿಂಟರು ಕೊಂಡರೂ ಎಲ್ಲ ಸೇರಿ ಮೂವತ್ತು ನಲವತ್ತು ಸಾವಿರದೊಳಗೆ ಮುಗಿಯುತ್ತದೆ. ಬ್ಯಾಂಕಿನ ಸಾಲ ಬೇಡ, ಮಳಿಗೆಯ ಬಾಡಿಗೆ ಬೇಡ.

ಅಂಗಡಿಯ ಲೆಕ್ಕ ಬ್ಯಾಂಕಿನ ಲೆಕ್ಕದ ಹಾಗಿರುವುದಿಲ್ಲ. ಬ್ಯಾಂಕಿನಲ್ಲಿ ವೋಚರ್ ಇಲ್ಲದೆ ಒಂದು ರೂಪಾಯಿ ಅಲುಗುವುದಿಲ್ಲ. ಅಂಗಡಿಯ ಗಲ್ಲಾದಿಂದ ಬ್ರೆಡ್ಡಿನ ಲೈನ್‌ನವನಿಗೆ ದುಡ್ಡು ಹೋಗುತ್ತದೆ, ಮನೆಗೆ ತರಕಾರಿಗೆ ಹೋಗುತ್ತದೆ, ಮಗನ ಬೈಕಿಗೆ ಪೆಟ್ರೋಲಿಗೂ ಹೋಗುತ್ತದೆ, ಯಾವುದಕ್ಕೂ ಚೀಟಿ ಇರುವುದಿಲ್ಲ. ಉದ್ರಿ ಕ್ಯಾಲೆಂಡರಿನ ಹಿಂದೆ ಬರೆದಿರುತ್ತದೆ. ರಾತ್ರಿ ಗಲ್ಲಾದಲ್ಲಿ ಉಳಿದದ್ದೇ ಲಾಭ ಎಂಬ ನಂಬಿಕೆಯಲ್ಲಿ ಅಂಗಡಿ ನಡೆದಿರುತ್ತದೆ. ಇಂಥವರ ಮುಂದೆ ಇಪ್ಪತ್ತು ಕಾಲಮಿನ ರಿಜಿಸ್ಟರ್ ಇಟ್ಟರೆ ಎರಡನೇ ದಿನಕ್ಕೇ ಅದು ತೂಕದ ಯಂತ್ರದ ಅಡಿ ಸೇರುತ್ತದೆ. ಅಂಗಡಿಯವನು ಬರೆಯಬೇಕಾದದ್ದು ದಿನಕ್ಕೆ ಐದು ನಿಮಿಷದ್ದು ಮಾತ್ರ ಇರಬೇಕು, ಮಿಕ್ಕದ್ದೆಲ್ಲ ಲೆಕ್ಕದವರ ಪಾಲು.

ಮೊದಲ ತೊಡಕು ನಗದು ವ್ಯಾಪಾರ. ಇವತ್ತು ನಗದಿಗೆ ಎಷ್ಟು ಮಾರಿದಿರಿ ಎಂದರೆ ಯಾವ ಅಂಗಡಿಯವನಿಗೂ ಹೇಳಲಾಗದು, ಐದು ಹತ್ತು ರೂಪಾಯಿಯ ನೂರಾರು ಮಾರಾಟವನ್ನು ಯಾರು ಬರೆಯುತ್ತಾರೆ? ಅದನ್ನು ಹಿಂದಿನಿಂದ ಲೆಕ್ಕ ಹಾಕಿ ತೆಗೆಯಬೇಕು. ಬೆಳಿಗ್ಗೆ ಗಲ್ಲಾದಲ್ಲಿದ್ದ ಶಿಲ್ಕು ಎಷ್ಟು, ರಾತ್ರಿ ಎಣಿಸಿದ ಶಿಲ್ಕು ಎಷ್ಟು, ನಡುವೆ ಗಲ್ಲಾದಿಂದ ಹೊರಗೆ ಹೋದದ್ದೆಷ್ಟು, ವ್ಯಾಪಾರವಲ್ಲದೆ ಒಳಗೆ ಬಂದದ್ದೆಷ್ಟು ಎಂಬ ನಾಲ್ಕು ಸಂಗತಿ ಗೊತ್ತಿದ್ದರೆ ಮಾರಾಟ ತಾನಾಗಿ ಹೊರಬೀಳುತ್ತದೆ.

ಒಂದು ದಿನದ ಲೆಕ್ಕ ನೋಡೋಣ. ಬೆಳಿಗ್ಗೆ ಚಿಲ್ಲರೆಯೆಂದು 2,000 ರೂಪಾಯಿ ಇಟ್ಟಿದ್ದರು. ಬ್ರೆಡ್ಡಿನವನಿಗೆ 1,450, ಚಿಪ್ಸಿನವನಿಗೆ 1,800 ಕೊಟ್ಟರು. ಮನೆಗೆ 500 ಹೋಯಿತು. ಮಧ್ಯಾಹ್ನ ಯಾರೋ ಬಂದು “ಅಣ್ಣ, ಐನೂರು ಕ್ಯಾಶ್ ಕೊಡಿ, ಫೋನ್‌ಪೇ ಮಾಡ್ತೀನಿ” ಎಂದು 500 ಒಯ್ದರು. ಹೀಗೆ ಹೊರಗೆ ಹೋದದ್ದು 4,250. ಹಳೆಯ ಉದ್ರಿಯವರೊಬ್ಬರು 400 ನಗದು ತಂದುಕೊಟ್ಟರು. ರಾತ್ರಿ ಎಣಿಸಿದಾಗ ಗಲ್ಲಾದಲ್ಲಿದ್ದದ್ದು 1,150. ಅದಕ್ಕೆ ಹೊರಹೋದ 4,250 ಕೂಡಿಸಿ, ಬೆಳಗಿನ 2,000 ಮತ್ತು ಉದ್ರಿಯ 400 ಕಳೆದರೆ 3,000 ಉಳಿಯುತ್ತದೆ. ಆ ದಿನದ ನಗದು ಮಾರಾಟ ಅಷ್ಟು. ಅಂಗಡಿಯವನು ಗಲ್ಲಾ ನೋಡಿ “ಇವತ್ತು ಸಾವಿರ ರೂಪಾಯಿಯೂ ಆಗಲಿಲ್ಲ” ಎಂದುಕೊಂಡಿರುತ್ತಾನೆ.

ಇದಕ್ಕೆ ಅವನು ಮಾಡಬೇಕಾದದ್ದು ಎರಡೇ ಕೆಲಸ. ಗಲ್ಲಾದಿಂದ ದುಡ್ಡು ತೆಗೆದಾಗಲೆಲ್ಲ ಪಕ್ಕದ ಚಿಕ್ಕ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುವುದು, ಷಟರ್ ಎಳೆಯುವ ಮೊದಲು ಗಲ್ಲಾ ಎಣಿಸಿ ಬರೆಯುವುದು. ಸರಕಿನ ಬಿಲ್ಲುಗಳನ್ನು ಒಂದು ಮೊಳೆಗೆ ಚುಚ್ಚಿದರೆ ಸಾಕು, ಓದಬೇಕಾಗಿಲ್ಲ. ಲೆಕ್ಕದವರು ವಾರಕ್ಕೆ ಎರಡು ಸಲ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಮೂರು ಗಂಟೆಯ ಹೊತ್ತಿಗೆ ಹೋಗಿ ಆ ಸಾಲುಗಳನ್ನು ಕಿರ್ದಿಗೆ ಏರಿಸುತ್ತಾರೆ. ಸಂಜೆ ಅಂಗಡಿಗೆ ಬಂದು ಪಾಸ್‌ಬುಕ್ಕು ಬರೆದು ಹೋಗುವವರು ನಮ್ಮ ಕಡೆಯ ವ್ಯಾಪಾರಿಗಳಿಗೆ ಹೊಸಬರಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರುಮಾಡಿದ ಪಿಗ್ಮಿ ಠೇವಣಿ ನಿಂತದ್ದೇ ದಿನವೂ ಅಂಗಡಿ ಬಾಗಿಲಿಗೆ ಬರುವ ಏಜೆಂಟರ ಮೇಲೆ. ಪಿಗ್ಮಿಯವರು ಹಣ ಒಯ್ಯುತ್ತಾರೆ, ಲೆಕ್ಕದವರು ಹಣ ಮುಟ್ಟಬಾರದು. ಈ ವ್ಯತ್ಯಾಸವನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಎರಡನೆಯ ತೊಡಕು ಯುಪಿಐ, ನೋಟಿಸ್ ಹುಟ್ಟಿದ್ದೂ ಅಲ್ಲಿಂದಲೇ. ತುಮಕೂರಿನಂಥ ಊರಿನ ಒಂದು ಬಡಾವಣೆಯಲ್ಲಿ ಹಾಲು, ಬ್ರೆಡ್ಡು, ಬಿಸ್ಕತ್ತು, ಸೋಪು ಮಾರುವ ಅಂಗಡಿಯಿದೆ ಎಂದಿಟ್ಟುಕೊಳ್ಳಿ. ಒಂದು ತಿಂಗಳಲ್ಲಿ ಕ್ಯೂಆರ್ ಮೂಲಕ ಖಾತೆಗೆ 3,40,000 ರೂಪಾಯಿ ಬಂದಿದೆ. ತಿಂಗಳ ಕೊನೆಗೆ ಲೆಕ್ಕದವರು ಬ್ಯಾಂಕ್ ಸ್ಟೇಟ್‌ಮೆಂಟ್ ಮುದ್ರಿಸಿ ಅಂಗಡಿಯವನ ಪಕ್ಕದಲ್ಲೇ ಕೂತು ದೊಡ್ಡ ಮೊತ್ತಗಳ ಮೇಲೆ ಪೆನ್ಸಿಲ್ ಇಡುತ್ತಾರೆ.

“ಇದು ಐವತ್ತು ಸಾವಿರ, ಹನ್ನೊಂದನೇ ತಾರೀಕು?”

“ಚೀಟಿ ಎತ್ತಿದ್ದು ಸಾರ್.”

“ಇಪ್ಪತ್ತೈದು?”

“ನಮ್ಮ ಭಾವ ಕೈಗಡ ತಗೊಂಡಿದ್ರು, ಕೊಟ್ರು.”

“ಈ ಹದಿನೈದು ನಿಮ್ಮ ಮನೆಯವರ ಹೆಸರಲ್ಲಿದೆ.”

“ಅವಳ ಅಕೌಂಟಿಂದ ನಾನೇ ಹಾಕ್ಕೊಂಡೆ ಸಾರ್, ಹಾಲಿನ ದುಡ್ಡು ಕಟ್ಟಬೇಕಿತ್ತು.”

ನಗದು ಕೊಟ್ಟು ಫೋನ್‌ಪೇ ಮಾಡಿಸಿಕೊಂಡದ್ದು ನೋಟ್‌ಬುಕ್ಕಿನ ಪ್ರಕಾರ 10,000. ಈ ನಾಲ್ಕೂ ಸೇರಿ ಒಂದು ಲಕ್ಷ. ಇದು ವ್ಯಾಪಾರವಲ್ಲ. ಉಳಿದ 2,40,000ದಲ್ಲಿ 20,000 ಹಿಂದಿನ ತಿಂಗಳ ಉದ್ರಿಯವರು ಕಳಿಸಿದ್ದು. ಆ ಮಾರಾಟ ಹೋದ ತಿಂಗಳೇ ಲೆಕ್ಕಕ್ಕೆ ಬಂದಿರುವುದರಿಂದ ಮತ್ತೆ ಹಿಡಿದರೆ ಎರಡು ಸಲ ಆಗುತ್ತದೆ. ಹೀಗೆ ಯುಪಿಐ ಮಾರಾಟ 2,20,000ಕ್ಕೆ ನಿಂತಿತು. ಇದಕ್ಕೆ ತಿಂಗಳ ನಗದು ಮಾರಾಟ 90,000, ಈ ತಿಂಗಳು ಹೊಸದಾಗಿ ಕೊಟ್ಟ ಉದ್ರಿ 20,000 ಸೇರಿಸಿದರೆ ಒಟ್ಟು ವ್ಯಾಪಾರ 3,30,000.

ಇದನ್ನು ಹನ್ನೆರಡು ತಿಂಗಳಿಗೆ ಹಿಡಿದರೆ 39,60,000. ಸ್ಟೇಟ್‌ಮೆಂಟಿನ ಮೊತ್ತವನ್ನೇ ಹನ್ನೆರಡರಿಂದ ಗುಣಿಸಿದ್ದರೆ 40,80,000 ಆಗುತ್ತಿತ್ತು. ಸರಕು ಮಾತ್ರ ಮಾರುವ ಅಂಗಡಿಗೆ ನೋಂದಣಿಯ ಗಡಿ 40 ಲಕ್ಷ. ಒಂದು ಲೆಕ್ಕದಲ್ಲಿ ಗಡಿಯ ಒಳಗೆ, ಇನ್ನೊಂದರಲ್ಲಿ ಹೊರಗೆ. ಹೀಗೆಂದು ಲೆಕ್ಕದವರು ಅಂಗಡಿಯವನನ್ನು ಉಳಿಸಿಕೊಟ್ಟರು ಎಂದು ತಿಳಿಯಬಾರದು. ಅವರು ಯುಪಿಐನಿಂದ ಒಂದು ಲಕ್ಷ ತೆಗೆದ ಹಾಗೆಯೇ, ಇಲಾಖೆಗೆ ಕಾಣದ ನಗದು 90,000ವನ್ನು ಸೇರಿಸಿಯೂ ಇದ್ದಾರೆ. ಒಂದನ್ನು ಮಾಡಿ ಇನ್ನೊಂದನ್ನು ಬಿಡಿ ಎನ್ನುವ ಅಂಗಡಿಯ ಲೆಕ್ಕ ಬರೆಯಬಾರದು, ಅದಕ್ಕೆ ಎಷ್ಟು ಫೀ ಕೊಟ್ಟರೂ. ಮೂವತ್ತೈದು ವರ್ಷ ನೇರವಾಗಿ ಬರೆದ ಕೈ ಅದು.

ಹಬ್ಬದ ತಿಂಗಳಲ್ಲಿ ವ್ಯಾಪಾರ ಸ್ವಲ್ಪ ಏರಿದರೂ ಈ ಅಂಗಡಿ ಆ ವರ್ಷ ಗಡಿ ದಾಟುತ್ತದೆ. ಏಪ್ರಿಲ್‌ನಿಂದ ಒಟ್ಟು ಎಷ್ಟಾಯಿತು ಎಂದು ತಿಂಗಳು ತಿಂಗಳು ಕೂಡಿಸುತ್ತಾ ಬಂದಿದ್ದರೆ ಅದು ಮೊದಲೇ ಕಾಣುತ್ತದೆ, ಮತ್ತು ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬಹುದು. ಇಲ್ಲಿ ಜನ ತಪ್ಪು ತಿಳಿಯುವ ಸಂಗತಿ ಒಂದಿದೆ. ಹಾಲಿಗೆ ತೆರಿಗೆ ಇಲ್ಲವಲ್ಲ, ಅದನ್ನು ಯಾಕೆ 40 ಲಕ್ಷದಲ್ಲಿ ಸೇರಿಸಬೇಕು ಎನ್ನುತ್ತಾರೆ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ, ಅಂದರೆ ಬರೀ ಹಾಲು ಅಥವಾ ಬರೀ ತರಕಾರಿ ಮಾರುವವರಿಗೆ ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜೊತೆ ಸೋಪನ್ನೂ ಮಾರಿದರೆ ಗಡಿ ನೋಡುವಾಗ ಹಾಲಿನ ವ್ಯಾಪಾರವೂ ಸೇರುತ್ತದೆ.

ನೋಂದಣಿಯಾದರೆ ಅಂಗಡಿ ಮುಳುಗುತ್ತದೆ ಎಂಬ ಭಯಕ್ಕೂ ಲೆಕ್ಕವೇ ಉತ್ತರ ಹೇಳುತ್ತದೆ. ವರ್ಷಕ್ಕೆ ಒಂದೂವರೆ ಕೋಟಿಯವರೆಗೆ ವ್ಯಾಪಾರವಿರುವ ಸಣ್ಣವರಿಗೆ ಕಾಂಪೋಸಿಷನ್ ಎಂಬ ಸರಳ ಪದ್ಧತಿಯಿದೆ. ಸರಕು ಕೊಂಡು ಮಾರುವವರು ಅದರಲ್ಲಿ ತೆರಿಗೆಯುಳ್ಳ ವ್ಯಾಪಾರದ ಶೇಕಡ 1 ಕಟ್ಟುತ್ತಾರೆ. ನಮ್ಮ ಅಂಗಡಿಯ 3,30,000ದಲ್ಲಿ ಹಾಲು 90,000 ಇದ್ದರೆ ತೆರಿಗೆಯುಳ್ಳದ್ದು 2,40,000. ಮೂರು ತಿಂಗಳಿಗೆ 7,20,000, ಅದಕ್ಕೆ ತೆರಿಗೆ 7,200 ರೂಪಾಯಿ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ವಾಪಸ್ ಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಬಡಾವಣೆಯ ಅಂಗಡಿಗೆ ಇವು ಅಂಥ ತೊಂದರೆಯಲ್ಲ. ಮೂರು ತಿಂಗಳಿಗೊಮ್ಮೆ, ಮುಂದಿನ ತಿಂಗಳ 18ರೊಳಗೆ ಒಂದು ಫಾರ್ಮು ತುಂಬಿ ಹಣ ಕಟ್ಟಬೇಕು, ವರ್ಷಕ್ಕೊಂದು ರಿಟರ್ನ್ ಸಲ್ಲಿಸಬೇಕು. ಲಕ್ಷಗಟ್ಟಲೆ ಕಟ್ಟಬೇಕೆಂದು ಹೆದರಿದ್ದವನಿಗೆ ದಿನಕ್ಕೆ ಎಂಬತ್ತು ರೂಪಾಯಿ ಎಂದು ಕಾಗದದ ಮೇಲೆ ತೋರಿಸಿದರೆ ಅವನ ಮುಖದ ಗಂಟು ಸಡಿಲವಾಗುತ್ತದೆ.

ಅಪಾಯದ ಜಾಗ ಬೇರೆ ಕಡೆ ಇದೆ. ಇದೇ ಅಂಗಡಿಯವನು ಒಂದು ಮೂಲೆಯಲ್ಲಿ ಒಲೆ ಇಟ್ಟು ಟೀ ಮಾಡಿ ಮಾರತೊಡಗಿದರೆ ಅದು ಸೇವೆ ಎನಿಸುತ್ತದೆ. 40 ಲಕ್ಷದ ಗಡಿ ಬರೀ ಸರಕು ಮಾರುವವರಿಗೆ. ಸೇವೆಯೂ ಸೇರಿದರೆ ಗಡಿ 20 ಲಕ್ಷಕ್ಕೆ ಇಳಿಯುತ್ತದೆ, ಕಾಂಪೋಸಿಷನ್ನಿನ ದರವೂ ಬೇರೆಯಾಗುತ್ತದೆ. ಟೀ ಒಲೆ ಹಚ್ಚುವಾಗ ಯಾರೂ ಇದನ್ನು ಯೋಚಿಸುವುದಿಲ್ಲ. ವಾರಕ್ಕೆರಡು ಸಲ ಅಂಗಡಿಯಲ್ಲಿ ಕೂರುವ ಲೆಕ್ಕದವರ ಕಣ್ಣಿಗೆ ಮಾತ್ರ ಅದು ಮೊದಲ ದಿನವೇ ಬೀಳುತ್ತದೆ. ಆಗ ಅವರು ಮಾಡಬೇಕಾದದ್ದು ಸ್ವಂತ ತೀರ್ಪು ಕೊಡುವುದಲ್ಲ, ಅಂಗಡಿಯವನನ್ನು ತೆರಿಗೆ ಸಲಹೆಗಾರರ ಬಳಿ ಕರೆದುಕೊಂಡು ಹೋಗುವುದು.

ಇದೇ ಈ ಕೆಲಸದ ಮುಖ್ಯ ಗಡಿ. ಲೆಕ್ಕ ಬರೆಯಲು ಯಾರ ಪರವಾನಗಿಯೂ ಬೇಕಿಲ್ಲ. ಆಡಿಟ್ ಮಾಡಿ ಸಹಿ ಹಾಕುವ ಅಧಿಕಾರ ಚಾರ್ಟರ್ಡ್ ಅಕೌಂಟೆಂಟರದ್ದು. ಬೇರೆಯವರ ಪರವಾಗಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದನ್ನು ವೃತ್ತಿಯಾಗಿ ಮಾಡಬೇಕೆಂದರೆ ಜಿಎಸ್‌ಟಿ ಪ್ರಾಕ್ಟೀಷನರ್ ಎಂದು ನೋಂದಾಯಿಸಿಕೊಳ್ಳಬೇಕು. ವಾಣಿಜ್ಯ ಪದವೀಧರರು, ತೆರಿಗೆ ಇಲಾಖೆಯಲ್ಲಿ ಗೆಜೆಟೆಡ್ ಹುದ್ದೆಯಲ್ಲಿದ್ದು ನಿವೃತ್ತರಾದವರು ಮುಂತಾದವರಿಗೆ ಅದಕ್ಕೆ ಅವಕಾಶವಿದೆ, ಪರೀಕ್ಷೆಯೂ ಇದೆ. ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿದ್ದವರು ಮುಂದೆ ಆ ಹಾದಿ ಹಿಡಿಯಬಹುದು. ಮೊದಲ ವರ್ಷಕ್ಕೆ ಮಾತ್ರ ನನ್ನ ಸಲಹೆ ಬೇರೆ. ಊರಿನ ಒಬ್ಬ ಆಡಿಟರನ್ನು ಕಂಡು, ನಾನು ತಾಳೆಯಾದ ಪುಸ್ತಕ ತಂದುಕೊಡುತ್ತೇನೆ, ರಿಟರ್ನ್ ನೀವು ಹಾಕಿ ಎಂದು ಮಾತಾಡಿಕೊಳ್ಳುವುದು ಒಳ್ಳೆಯದು. ಅವರ ಕಚೇರಿಗೆ ಸಣ್ಣ ಅಂಗಡಿಯವರು ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲು ತುಂಬಿಕೊಂಡು ಬರುತ್ತಾರೆ, ಅದನ್ನು ಬಿಡಿಸುವುದೇ ದೊಡ್ಡ ಕೆಲಸ. ಬಿಡಿಸಿಕೊಟ್ಟವರನ್ನು ಅವರು ಖಂಡಿತ ಬಿಟ್ಟುಕೊಡುವುದಿಲ್ಲ, ಗಿರಾಕಿಗಳನ್ನೂ ಅವರೇ ಕಳಿಸುತ್ತಾರೆ.

ಲೆಕ್ಕ ಹಾಳಾಗುತ್ತಿದೆ ಎಂಬುದು ಪುಸ್ತಕದಲ್ಲೇ ಗೊತ್ತಾಗುತ್ತದೆ. ಕಿರ್ದಿಯಲ್ಲಿ ನಗದು ಶಿಲ್ಕು ಸೊನ್ನೆಗಿಂತ ಕೆಳಗೆ ಹೋದರೆ ಅಲ್ಲಿಗೇ ನಿಲ್ಲಿಸಬೇಕು. ಗಲ್ಲಾದಲ್ಲಿ ಇಲ್ಲದ ದುಡ್ಡನ್ನು ಯಾರೂ ಕೊಡಲಾರರು, ಆದ್ದರಿಂದ ಎಲ್ಲೋ ಒಳಬಂದ ಹಣ ಬರೆದಿಲ್ಲ ಎಂದರ್ಥ. ಹೆಚ್ಚಾಗಿ ಮನೆಯಿಂದ ತಂದು ಹಾಕಿದ ಹಣ, ಇಲ್ಲವೇ ಬಡ್ಡಿಗೆ ತಂದದ್ದು. ಎರಡನೆಯದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳುವ ದನಿ ಮೆತ್ತಗಿರಬೇಕು. ರಾತ್ರಿಯ ಶಿಲ್ಕು ದಿನವೂ 2,000, 2,500, 2,000 ಎಂದು ದುಂಡಾಗಿ ಬರತೊಡಗಿದರೆ ಎಣಿಸುವುದನ್ನು ಬಿಟ್ಟು ಅಂದಾಜಿನಲ್ಲಿ ಬರೆಯುತ್ತಿದ್ದಾರೆ. ನಿಜವಾಗಿ ಎಣಿಸಿದ ಗಲ್ಲಾ 1,867 ಎಂದೋ 2,143 ಎಂದೋ ಇರುತ್ತದೆ. ಮೂರನೆಯದು, ಎರಡು ಮೂರು ತಿಂಗಳು ಖರೀದಿಯೇ ಮಾರಾಟಕ್ಕಿಂತ ಹೆಚ್ಚಾಗಿ, ಕಪಾಟಿನಲ್ಲಿ ಸರಕು ಮಾತ್ರ ಹೆಚ್ಚಾಗದಿದ್ದರೆ ಮಾರಾಟ ಪುಸ್ತಕಕ್ಕೆ ಬರುತ್ತಿಲ್ಲ. ನೌಕರ ಹುಡುಗನ ಕೈಚಳಕ ಇರಬಹುದು, ಮಗನ ಫೋನಿನ ಕ್ಯೂಆರ್ ಕೌಂಟರಿನಲ್ಲಿ ಕೂತಿರಬಹುದು. ಯಾರನ್ನೂ ಬೊಟ್ಟು ಮಾಡದೆ ಅಂಕಿಯನ್ನಷ್ಟೇ ಮಾಲೀಕರ ಮುಂದಿಟ್ಟು ಸುಮ್ಮನಿರುವುದು ಮೇಲು.

ಇಷ್ಟೆಲ್ಲ ತಾಪತ್ರಯ ಅರ್ಧಕ್ಕೆ ಇಳಿಯುವ ಉಪಾಯವೊಂದಿದೆ, ಅದನ್ನು ಮೊದಲ ವಾರವೇ ಮಾಡಿಸಬೇಕು. ಅಂಗಡಿಗೆಂದೇ ಬೇರೆ ಬ್ಯಾಂಕ್ ಖಾತೆ, ಅದಕ್ಕೇ ಜೋಡಿಸಿದ ಬೇರೆ ಕ್ಯೂಆರ್. ಚೀಟಿ, ಕೈಗಡ, ಭಾವನ ದುಡ್ಡು ಎಲ್ಲ ಹಳೆಯ ಖಾತೆಗೆ ಹೋಗಲಿ. ಮನೆಖರ್ಚಿಗೆ ಬೇಕಾದಾಗ ಅಂಗಡಿಯ ಖಾತೆಯಿಂದ ವಾರಕ್ಕೊಮ್ಮೆ ಒಂದೇ ಮೊತ್ತ ವರ್ಗಾಯಿಸಲಿ. ಅಂಗಡಿಯವರು ಒಪ್ಪುತ್ತಾರೆ, ನಾಳೆ ಮಾಡೋಣ ಎನ್ನುತ್ತಾರೆ, ಮಾಡುವುದಿಲ್ಲ. ಅರ್ಧ ದಿನ ಅಂಗಡಿ ಮುಚ್ಚಿ ಬ್ಯಾಂಕಿಗೆ ಹೋಗುವುದು ಅವರಿಗೆ ಕಷ್ಟ. ನಿವೃತ್ತ ಬ್ಯಾಂಕ್ ನೌಕರರಿಗೆ ಇಲ್ಲೊಂದು ಅನುಕೂಲವಿದೆ. ಯಾವ ಕಾಗದ ಬೇಕು, ಯಾವ ಕೌಂಟರಿಗೆ ಯಾವ ಹೊತ್ತಿಗೆ ಹೋದರೆ ಕೆಲಸ ಬೇಗ ಆಗುತ್ತದೆ ಎಂಬುದು ಅವರಿಗೆ ಗೊತ್ತು. ಅರ್ಜಿ ತುಂಬಿಸಿ ಜೊತೆಯಲ್ಲೇ ಹೋಗಿ ಬಂದರೆ ಆಯಿತು. ಒಂದು ಸಲ ಪುಸ್ತಕ ಸರಿಯಾದರೆ ಮುದ್ರಾ ಸಾಲದಂಥದ್ದಕ್ಕೂ ಅದು ನೆರವಾಗುತ್ತದೆ, ವ್ಯಾಪಾರ ಎಷ್ಟು ಎಂದು ಮ್ಯಾನೇಜರು ಕೇಳಿದಾಗ ತೋರಿಸಲು ವರ್ಷದ ತಖ್ತೆ ಕೈಯಲ್ಲಿರುತ್ತದೆ.

ಇನ್ನು ಫೀ. ಹೊಸದಾಗಿ ಶುರುಮಾಡುವವರು ಇಲ್ಲಿ ಸಂಕೋಚದಿಂದಲೇ ಸೋಲುತ್ತಾರೆ. ದಿನವೂ ಹಾಲು ಕೊಡುವ ಅಂಗಡಿ, ಪರಿಚಯದವರು, ದುಡ್ಡು ಹೇಗೆ ಕೇಳುವುದು ಎಂದುಕೊಂಡು ಬಿಟ್ಟಿ ಬರೆದುಕೊಡುತ್ತಾರೆ. ಬಿಟ್ಟಿ ಲೆಕ್ಕಕ್ಕೆ ಬೆಲೆಯಿಲ್ಲ, ಎರಡು ತಿಂಗಳಲ್ಲಿ ನೋಟ್‌ಬುಕ್ಕು ಬರೆಯುವುದು ನಿಲ್ಲುತ್ತದೆ. ಮೊದಲ ತಿಂಗಳು ಪರೀಕ್ಷೆಗೆಂದು ಫೀ ಇಲ್ಲದೆ ಮಾಡಿ, ಎರಡನೇ ತಿಂಗಳಿನಿಂದ ಇಷ್ಟು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕ ಅಂಗಡಿಗೆ ತಿಂಗಳಿಗೆ 1,200 ರೂಪಾಯಿ ಎಂದಿಟ್ಟುಕೊಂಡರೆ ಹನ್ನೆರಡು ಅಂಗಡಿಗೆ 14,400. ಪೆಟ್ರೋಲು, ಕಾಗದ, ಇಂಕು ಎಂದು ಎರಡು ಸಾವಿರ ಕಳೆದರೆ 12,400 ಉಳಿಯುತ್ತದೆ. ಒಂದು ಅಂಗಡಿಗೆ ತಿಂಗಳಿಗೆ ಆರು ಗಂಟೆ ಹಿಡಿದರೆ ಒಟ್ಟು ಎಪ್ಪತ್ತೆರಡು ಗಂಟೆ, ವಾರಕ್ಕೆ ಐದು ದಿನ ಮೂರೂವರೆ ಗಂಟೆಯಷ್ಟು. ಇದಕ್ಕಿಂತ ಹೆಚ್ಚು ಹಿಡಿಯಬಾರದು. ತಿಂಗಳ ಕೊನೆಯ ತಾಳೆ ಎಲ್ಲ ಅಂಗಡಿಗೂ ಒಂದೇ ವಾರಕ್ಕೆ ಬರುತ್ತದೆ, ಇಪ್ಪತ್ತು ಅಂಗಡಿ ಹಿಡಿದವರಿಗೆ ಆ ವಾರ ನಿದ್ದೆಯಿಲ್ಲ. ಫೀಯನ್ನು ಆ ತಿಂಗಳ ತಖ್ತೆ ಕೊಡುವಾಗಲೇ ತೆಗೆದುಕೊಳ್ಳಬೇಕು. ಮೂರು ತಿಂಗಳ ಬಾಕಿ ಏರಿದರೆ ಅದು ಅಂಗಡಿಯ ಉದ್ರಿ ಪುಸ್ತಕದಲ್ಲಿ ಇನ್ನೊಂದು ಹೆಸರಾಗುತ್ತದೆ ಅಷ್ಟೆ.

ಅಂಗಡಿಗಳನ್ನು ಆರಿಸುವುದರಲ್ಲೂ ಎಚ್ಚರ ಬೇಕು. ಎದುರುಬದುರು ಇರುವ ಎರಡು ಬೇಕರಿಗಳ ಲೆಕ್ಕ ಒಬ್ಬರೇ ಬರೆಯಬಾರದು. ನೀವು ಬಾಯಿ ಬಿಡದಿದ್ದರೂ ಒಬ್ಬನ ರೇಟು ಇನ್ನೊಬ್ಬನಿಗೆ ತಿಳಿದ ದಿನ ಅನುಮಾನ ನಿಮ್ಮ ಮೇಲೆಯೇ ಬರುತ್ತದೆ. ಒಂದು ಬೇಕರಿ, ಒಂದು ಮೆಡಿಕಲ್ಸು, ಒಂದು ಹಾರ್ಡ್‌ವೇರು, ಒಂದು ಟೈಲರ್ ಅಂಗಡಿ ಎಂದು ಬೇರೆ ಬೇರೆ ಬಗೆಯವು ಇರಲಿ. ಅಂಗಡಿಯವನ ಮೊಬೈಲು, ಪಾಸ್‌ವರ್ಡು, ಒಟಿಪಿ ಯಾವುದನ್ನೂ ಇಟ್ಟುಕೊಳ್ಳಬಾರದು. “ನೀವೇ ನೋಡ್ಕೊಳ್ಳಿ ಸಾರ್, ನಂಗೆ ಗೊತ್ತಾಗಲ್ಲ” ಎಂದು ಫೋನು ಕೈಗೆ ಕೊಡುತ್ತಾರೆ. ನಂಬಿಕೆಯಿಂದ ಕೊಡುವುದೇ ಹೌದು, ಆದರೆ ನಾಳೆ ಆ ಖಾತೆಯಲ್ಲಿ ಏನಾದರೂ ಏರುಪೇರಾದರೆ ವಿವರಣೆ ಕೊಡಬೇಕಾದವರು ನೀವಾಗುತ್ತೀರಿ. ಸ್ಟೇಟ್‌ಮೆಂಟನ್ನು ಅವರೇ ತೆಗೆದು ಕಳಿಸಲಿ, ತೆಗೆಯುವುದನ್ನು ಪಕ್ಕದಲ್ಲಿ ಕೂತು ಕಲಿಸಿಕೊಡಿ.

ಪಿಂಚಣಿದಾರರು ತಮ್ಮ ಸ್ವಂತ ಲೆಕ್ಕದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ, ಇದನ್ನು ಅನೇಕರು ಮರೆಯುತ್ತಾರೆ. ಅರವತ್ತು ದಾಟಿದವರು ಮುಂಗಡ ಆದಾಯ ತೆರಿಗೆ ಕಟ್ಟಬೇಕಿಲ್ಲ ಎಂಬ ವಿನಾಯಿತಿ ಇರುವುದು ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದವರಿಗೆ. ಲೆಕ್ಕ ಬರೆದು ಫೀ ಪಡೆಯತೊಡಗಿದ ವರ್ಷದಿಂದ ಆ ವಿನಾಯಿತಿ ಹೋಗುತ್ತದೆ. ಪಿಂಚಣಿ, ಠೇವಣಿ ಬಡ್ಡಿ, ಫೀ ಎಲ್ಲ ಸೇರಿ, ಟಿಡಿಎಸ್ ಕಳೆದ ಮೇಲೂ ಕಟ್ಟಬೇಕಾದ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡವಾಗಿ ಕಟ್ಟಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಸರ್ಕಾರಿ ಸೇವೆಯಲ್ಲಿ ಮೇಲಿನ ಹುದ್ದೆಯಲ್ಲಿದ್ದು ಈಚೆಗೆ ನಿವೃತ್ತರಾದವರು, ವೃತ್ತಿ ಆರಂಭಿಸಲು ಪೂರ್ವಾನುಮತಿ ಬೇಕೇ ಎಂದು ತಮ್ಮ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳಿತು.

ಪುಸ್ತಕಗಳು ಯಾವಾಗಲೂ ಅಂಗಡಿಯಲ್ಲೇ ಇರಲಿ, ಲೆಕ್ಕದವರ ಮನೆಯಲ್ಲಿ ಅಲ್ಲ. ಅರವತ್ತೈದು ಎಪ್ಪತ್ತರ ವಯಸ್ಸಿನಲ್ಲಿ ಒಂದು ತಿಂಗಳು ಆಸ್ಪತ್ರೆ ಎನ್ನಬೇಕಾಗಬಹುದು, ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಬೇರೆ ಊರಿಗೆ ಹೋಗಬೇಕಾಗಬಹುದು. ಕಿರ್ದಿಯ ಮೊದಲ ಪುಟದಲ್ಲಿ ಯಾವ ಖಾತೆಗೆ ಏನು ಬರೆಯುವುದು ಎಂದು ಹತ್ತು ಸಾಲು ಬರೆದಿಟ್ಟಿದ್ದರೆ, ಪ್ರತಿ ಪುಟದ ಕೆಳಗೆ ಅಖೇರಿ ಶಿಲ್ಕು ತಾಳೆಯಾಗಿದ್ದರೆ, ಇನ್ನೊಬ್ಬ ನಿವೃತ್ತರು ಬಂದು ಅಲ್ಲಿಂದಲೇ ಮುಂದುವರಿಸಬಹುದು. ಇಬ್ಬರು ಮೂವರು ಹಳೆಯ ಸಹೋದ್ಯೋಗಿಗಳು ಸೇರಿ ಶುರುಮಾಡಿದರೆ ಈ ಏರ್ಪಾಡು ಇನ್ನೂ ಸುಲಭ. ಒಬ್ಬರ ಹನ್ನೆರಡು ಅಂಗಡಿಯನ್ನು ಉಳಿದಿಬ್ಬರು ಆರಾರು ಹಂಚಿಕೊಂಡು ನಡೆಸಬಹುದು, ಆ ತಿಂಗಳ ಫೀಯನ್ನು ಬರೆದವರೇ ಪಡೆಯಬಹುದು.